ಚೀಟಿ ಎತ್ತಿದರೆ ವರ್ಷಕ್ಕೆ ಬಡ್ಡಿ ಎಷ್ಟು ಬೀಳುತ್ತೆ?

ಕೆಲವು ವರ್ಷಗಳ ಹಿಂದೆ ನಮ್ಮ ಬೋರ್‌ವೆಲ್ ಮೋಟರ್ ಸುಟ್ಟುಹೋಯಿತು. ತೋಟದಲ್ಲಿ ಟೊಮೆಟೊ ಹೂ ಬಿಡುತ್ತಿದ್ದ ಹೊತ್ತು, ಕಾಯುವಂತಿರಲಿಲ್ಲ. ಊರಿನ ಚೀಟಿಯಲ್ಲಿ ಆಗಷ್ಟೇ ನಾಲ್ಕನೇ ತಿಂಗಳು. ಒಂದು ಲಕ್ಷದ ಚೀಟಿಯನ್ನು 30 ಸಾವಿರ ಬಿಟ್ಟು ಕೂಗಿದೆ, 70 ಸಾವಿರ ಕೈಗೆ ಬಂತು. ಚೀಟಿ ಮುಗಿದ ಮೇಲೆ ಪಾಸ್‌ಬುಕ್ ಕೂಡಿಸಿ ನೋಡಿದರೆ ನಾನು ಕಟ್ಟಿದ್ದು ಒಟ್ಟು 86,450. ಅಂದರೆ 16,450 ಹೆಚ್ಚು. ಅದನ್ನು 70 ಸಾವಿರಕ್ಕೆ, 20 ತಿಂಗಳಿಗೆ ಹಂಚಿದರೆ ವರ್ಷಕ್ಕೆ ಶೇ 14. ಪರವಾಗಿಲ್ಲ ಅಂದುಕೊಂಡೆ.

ಆ ಲೆಕ್ಕ ತಪ್ಪು. ನಿಜವಾದ ದರ ಅದರ ಮೂರು ಪಟ್ಟಿಗೂ ಹೆಚ್ಚಿತ್ತು. ಹೇಗೆ ಅಂತ ಅದೇ ಚೀಟಿಯ ಅಂಕಿಗಳಲ್ಲೇ ನೋಡೋಣ. ಸುಲಭವಾಗಲಿ ಅಂತ ಕೂಗಿನ ಮೊತ್ತಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ.

20 ಜನ, ತಿಂಗಳಿಗೆ 5,000, 20 ತಿಂಗಳು. ನಡೆಸುವವರ ಕಮಿಷನ್ ಶೇ 5, ಅಂದರೆ ಪ್ರತಿ ಕೂಗಿನಲ್ಲೂ 5,000. (ನೋಂದಾಯಿತ ಚೀಟಿಗಳಲ್ಲಿ 2019ರ ತಿದ್ದುಪಡಿಯ ನಂತರ ಇದು ಶೇ 7ರವರೆಗೂ ಇರಬಹುದು, ಸೇರುವ ಮುಂಚೆ ಕೇಳಿ.) ಬಿಟ್ಟ ಹಣದಲ್ಲಿ ಕಮಿಷನ್ ಕಳೆದು ಉಳಿದದ್ದನ್ನು 20 ಜನಕ್ಕೂ ಹಂಚುತ್ತಾರೆ, ಅದೇ ಡಿವಿಡೆಂಡ್. ನಾನು 30 ಸಾವಿರ ಬಿಟ್ಟ ತಿಂಗಳಲ್ಲಿ 25 ಸಾವಿರ ಹಂಚಿಕೆಯಾಗಿ ತಲೆಗೆ 1,250 ಬಂತು. ಹಾಗಾಗಿ ಆ ತಿಂಗಳ ಕಂತು 3,750.

ಮೊದಲ ತಿಂಗಳ ಚೀಟಿ ನಡೆಸುವವರದ್ದು, ಕೂಗಿಲ್ಲ, ಪೂರ್ತಿ 5,000 ಕಟ್ಟಿದೆವು. ಎರಡರಿಂದ ನಾಲ್ಕನೇ ತಿಂಗಳವರೆಗೆ ಕೂಗು 30 ಸಾವಿರ, ಕಂತು 3,750. ಐದರಿಂದ ಹತ್ತರವರೆಗೆ ಕೂಗು 25 ಸಾವಿರಕ್ಕೆ ಇಳಿದು ಕಂತು 4,000 ಆಯಿತು. ಹನ್ನೊಂದರಿಂದ ಹದಿನೈದರವರೆಗೆ 4,400, ಹದಿನಾರರಿಂದ ಹತ್ತೊಂಬತ್ತರವರೆಗೆ 4,800. ಕೊನೇ ತಿಂಗಳು ಕೂಗುವವರೇ ಇರಲ್ಲ, ಮತ್ತೆ 5,000.

ಈಗ ನಾನು ತಪ್ಪಿದ ಜಾಗಕ್ಕೆ ಬರೋಣ. ಕೈಗೆ ಬಂದ 70 ಸಾವಿರ ಅಷ್ಟೂ ಸಾಲ ಅಲ್ಲ. ಆ ದಿನದವರೆಗೆ ನಾನು ಕಟ್ಟಿದ್ದ 16,250 ನನ್ನದೇ ದುಡ್ಡು, ಅದೇ ನನಗೆ ವಾಪಸ್ ಬಂತು. ಬೇರೆಯವರಿಂದ ಬಂದದ್ದು 53,750 ಮಾತ್ರ. ಅದಕ್ಕೆ ಮುಂದಿನ 16 ತಿಂಗಳಲ್ಲಿ ಕಟ್ಟಿದ್ದು 70,200. ವ್ಯತ್ಯಾಸ ಅದೇ 16,450, ಆದರೆ ಸಾಲ ಚಿಕ್ಕದು, ಅವಧಿಯೂ ಚಿಕ್ಕದು. ಅದೂ ಅಲ್ಲದೆ ಆ 53,750 ಹದಿನಾರು ತಿಂಗಳೂ ನನ್ನ ಕೈಯಲ್ಲಿ ಇರಲಿಲ್ಲ, ಪ್ರತಿ ಕಂತಿಗೂ ಕರಗುತ್ತಾ ಹೋಯಿತು. ಸರಾಸರಿ ನೋಡಿದರೆ ಅರ್ಧದಷ್ಟೇ ಕೈಯಲ್ಲಿದ್ದಂತೆ.

ಇದರಿಂದಲೇ ಒಂದು ಬಾಯಿಲೆಕ್ಕ ಸಿಗುತ್ತೆ. ಸಾಲದ ಅರ್ಧ 26,875. ಹದಿನಾರು ತಿಂಗಳಿಗೆ ಬಡ್ಡಿ 16,450, ಅಂದರೆ ವರ್ಷಕ್ಕೆ 12,340ರ ಹತ್ತಿರ. ಅದನ್ನು 26,875ರಿಂದ ಭಾಗಿಸಿದರೆ ಶೇ 46.

ಸರಿಯಾಗಿ ಬೇಕು ಅಂದರೆ ಮೊಬೈಲ್‌ನಲ್ಲಿ ಗೂಗಲ್ ಶೀಟ್ಸ್ ತೆರೆಯಿರಿ. A1ರಲ್ಲಿ 53750 ಹಾಕಿ. ಅದರ ಕೆಳಗೆ ಒಂದೊಂದು ತಿಂಗಳ ಕಂತನ್ನೂ ಮೈನಸ್ ಗುರುತಿನ ಜೊತೆ ಹಾಕುತ್ತಾ ಹೋಗಿ: -4000 ಆರು ಸಲ, -4400 ಐದು ಸಲ, -4800 ನಾಲ್ಕು ಸಲ, ಕೊನೆಗೆ -5000. A17ಕ್ಕೆ ಮುಗಿಯುತ್ತೆ. ಪಕ್ಕದ ಖಾನೆಗಳಲ್ಲಿ ಇವೆರಡನ್ನು ಬರೆಯಿರಿ:

```
=IRR(A1:A17)
=(1+IRR(A1:A17))^12-1
```

ಮೊದಲನೆಯದು ತಿಂಗಳ ದರ, ಸುಮಾರು 3.2%. ಬರೀ 3% ಅಂತ ತೋರಿಸಿದರೆ ದಶಮಾಂಶ ಸ್ಥಾನ ಹೆಚ್ಚಿಸಿ. ಎರಡನೆಯದು ವರ್ಷದ ದರ, ಶೇ 46ರ ಹತ್ತಿರ. ಊರಲ್ಲಿ "ಮೂರು ರೂಪಾಯಿ ಬಡ್ಡಿ" ಅಂತಾರಲ್ಲ, ನೂರಕ್ಕೆ ತಿಂಗಳಿಗೆ ಮೂರು, ಅದಕ್ಕಿಂತಲೂ ಸ್ವಲ್ಪ ಮೇಲೆ. ಅಂಥ ಸಾಲವನ್ನು ನಾನು ಯಾವತ್ತೂ ಮುಟ್ಟಲ್ಲ ಅಂತ ಹೇಳಿಕೊಂಡು ತಿರುಗುತ್ತಿದ್ದವನು.

ನನ್ನ ಚಿಕ್ಕಪ್ಪನ ಮಗನೂ ಅದೇ ಚೀಟಿಯಲ್ಲಿದ್ದ. ಎಂಟನೇ ತಿಂಗಳವರೆಗೆ ಕಾದು, 25 ಸಾವಿರ ಬಿಟ್ಟು 75 ಸಾವಿರ ಎತ್ತಿದ. "ಅಣ್ಣ, ನೀನು ಆತುರ ಬಿದ್ದೆ. ನಾಲ್ಕು ತಿಂಗಳು ಕಾದಿದ್ರೆ ಐದು ಸಾವಿರ ಉಳೀತಿತ್ತು" ಅಂದ. ನಾನೂ ಹೌದು ಅಂತಲೇ ಒಪ್ಪಿಕೊಂಡಿದ್ದೆ.

ಅವನ ಲೆಕ್ಕವನ್ನೂ ಹಾಕಿ ನೋಡಿ. ಎಂಟು ತಿಂಗಳಲ್ಲಿ ಅವನು ಕಟ್ಟಿದ್ದು 32,250. 75 ಸಾವಿರದಲ್ಲಿ ಅದನ್ನು ಕಳೆದರೆ ನಿಜವಾದ ಸಾಲ 42,750 ಮಾತ್ರ. ಅದಕ್ಕೆ ಉಳಿದ 12 ತಿಂಗಳಲ್ಲಿ ಕಟ್ಟಿದ್ದು 54,200. ಬಡ್ಡಿ 11,450, ನನ್ನದಕ್ಕಿಂತ ಕಮ್ಮಿ. ಆದರೆ ಶೀಟ್‌ನಲ್ಲಿ ತಿಂಗಳ ದರ 3.7%, ವರ್ಷಕ್ಕೆ ಶೇ 55. ಬಿಟ್ಟ ಹಣ ಕಡಿಮೆ, ದರ ಜಾಸ್ತಿ! ತಿಂಗಳು ಕಳೆದ ಹಾಗೆ ಚೀಟಿಯಲ್ಲಿ ನಮ್ಮದೇ ದುಡ್ಡು ಹೆಚ್ಚುತ್ತೆ, ಸಾಲದ ಭಾಗ ಸಣ್ಣದಾಗುತ್ತೆ, ತೀರಿಸುವ ಅವಧಿಯೂ ಮೊಟಕಾಗುತ್ತೆ. ಕೂಗು ಅಷ್ಟೇ ವೇಗವಾಗಿ ಇಳಿಯದಿದ್ದರೆ ಕಾದವನಿಗೇ ದುಬಾರಿ.

ಕೆಲವರು ಮೊದಲ ತಿಂಗಳಿಂದ ಕಟ್ಟಿದ ಕಂತುಗಳನ್ನೂ ಸೇರಿಸಿ ಇಡೀ ಚೀಟಿಗೆ ಒಂದೇ IRR ಹಾಕುತ್ತಾರೆ. ನಾನೂ ಮೊದಲು ಹಾಗೇ ಮಾಡಿದೆ. ಇವನ ಎಂಟನೇ ತಿಂಗಳ ಲೆಕ್ಕಕ್ಕೆ #NUM! ಅಂತ ಬಂತು. ಫೋನ್ ಕೆಟ್ಟಿಲ್ಲ. ಮೊದಲು ಹಣ ಹೋಗಿ, ನಡುವೆ ಬಂದು, ಮತ್ತೆ ಹೋಗುವಾಗ ಆ ಸೂತ್ರಕ್ಕೆ ಕೆಲವೊಮ್ಮೆ ಎರಡು ಉತ್ತರ ಇರುತ್ತೆ, ಕೆಲವೊಮ್ಮೆ ಉತ್ತರವೇ ಇರಲ್ಲ. ಅದಕ್ಕೇ ನಮ್ಮ ದುಡ್ಡನ್ನು ಮೊದಲೇ ಕಳೆದು, ಉಳಿದ ಸಾಲಕ್ಕೆ ಮಾತ್ರ ಲೆಕ್ಕ ಹಾಕಿ ಅನ್ನುವುದು.

ಇನ್ನೊಂದು ತೊಡಕು: ನಾವು ಕೂಗುವ ದಿನ ಮುಂದಿನ ಡಿವಿಡೆಂಡ್ ಎಷ್ಟು ಅಂತ ಯಾರಿಗೂ ಗೊತ್ತಿರಲ್ಲ. ಅದೇ ಮೊತ್ತದ, ಮುಗಿದುಹೋದ ಚೀಟಿಯ ಪಾಸ್‌ಬುಕ್ ಯಾರ ಹತ್ತಿರವಾದರೂ ಇದ್ದರೆ ಇಸ್ಕೊಂಡು ಅದರ ಕಂತುಗಳನ್ನು ಶೀಟ್‌ಗೆ ಹಾಕಿ. ಆಮೇಲೆ ಡಿವಿಡೆಂಡ್ ಒಂದು ರೂಪಾಯಿಯೂ ಬರಲ್ಲ ಅಂತ ಇಟ್ಟುಕೊಂಡು ಎಲ್ಲಾ ಕಂತನ್ನೂ 5,000 ಮಾಡಿ ನೋಡಿ. ನನ್ನ ನಾಲ್ಕನೇ ತಿಂಗಳ ಸಾಲಕ್ಕೆ ಹಾಗೆ ಹಾಕಿದರೆ ವರ್ಷಕ್ಕೆ ಶೇ 80 ದಾಟುತ್ತೆ. ಇದೇನು ಬರೀ ಊಹೆಯಲ್ಲ: ನಮ್ಮ ಚೀಟಿಯಲ್ಲಿ ಕಂತು ತಡವಾದರೆ ಆ ತಿಂಗಳ ಡಿವಿಡೆಂಡ್ ಕೊಡುತ್ತಿರಲಿಲ್ಲ. ಬೆಳೆ ಮಾರಿದಾಗಷ್ಟೇ ದುಡ್ಡು ಕಾಣುವ ನಮ್ಮಂಥವರಿಗೆ ಎರಡು ಮೂರು ಕಂತು ತಡವಾಗುವುದು ದೊಡ್ಡ ವಿಷಯವೇನಲ್ಲ.

ಅದೇ ಚೀಟಿಯಲ್ಲಿ ಕೊನೇವರೆಗೂ ಕೂಗದೇ ಕೂತವರು 86,450 ಕಟ್ಟಿ, ಕಮಿಷನ್ ಕಳೆದು 95 ಸಾವಿರ ತಗೊಂಡರು. ಅವರ ಉಳಿತಾಯಕ್ಕೆ ವರ್ಷಕ್ಕೆ ಸುಮಾರು ಶೇ 13 ಬಿತ್ತು, ಎತ್ತಿದವರೆಲ್ಲ ಕೊನೇವರೆಗೂ ಕಂತು ಕಟ್ಟಿದ್ದರಿಂದ.

ಈ ಸಲ ಹೊಸ ಚೀಟಿಗೆ ಸೇರಿದ್ದೇನೆ. ಆರನೇ ತಿಂಗಳು ಡ್ರಿಪ್ ಬದಲಿಸಬೇಕಾಗಿ ಬಂತು. ಕೂಗಿಗೆ ಹೋಗುವ ಮುಂಚೆ ಶೀಟ್‌ನಲ್ಲಿ ದರ ನೋಡಿದೆ, ಬ್ಯಾಂಕಿನ ಚಿನ್ನದ ಸಾಲದ ದರವನ್ನೂ ಕೇಳಿದೆ. ಹೆಂಡತಿಯ ಎರಡು ಬಳೆ ಈಗ ಬ್ಯಾಂಕಿನಲ್ಲಿವೆ, ಚೀಟಿ ಇನ್ನೂ ಎತ್ತಿಲ್ಲ.