ಜರ್ಮನಿಗೆ ಹೊರಟ ರೆಸ್ಯೂಮ್

ಹಾಸನದ ಕಡೆಯ ಒಬ್ಬ ನರ್ಸ್ ಎಂದುಕೊಳ್ಳಿ. ಬಿ.ಎಸ್ಸಿ. ನರ್ಸಿಂಗ್ ಓದಿ, ಬೆಂಗಳೂರಿನ ಆಸ್ಪತ್ರೆಯೊಂದರ ಐಸಿಯುನಲ್ಲಿ ಮೂರು ವರ್ಷ ದುಡಿದು, ಆಮೇಲೆ ಕೆಲಸ ಬಿಟ್ಟು ಹತ್ತು ತಿಂಗಳು ಜರ್ಮನ್ ಕಲಿತಿದ್ದಾರೆ. ಬಿ2 ಪರೀಕ್ಷೆ ಪಾಸಾಗಿದೆ. ಅವರ ಕೈಯಲ್ಲಿರುವ ರೆಸ್ಯೂಮ್ ನಾಲ್ಕು ಪುಟದ್ದು. ಮೊದಲಿಗೆ ದೊಡ್ಡ ಅಕ್ಷರದಲ್ಲಿ ವೃತ್ತಿಯ ಗುರಿ, ಕೊನೆಗೆ ತಂದೆಯ ಹೆಸರು, ಧರ್ಮ, ಮದುವೆಯ ವಿವರ, ಪಾಸ್‌ಪೋರ್ಟ್ ನಂಬರ್, ‘ಮೇಲಿನದೆಲ್ಲ ಸತ್ಯ’ ಎಂಬ ಘೋಷಣೆ. ಇಲ್ಲಿ ಇದನ್ನು ಯಾರೂ ತಪ್ಪೆನ್ನುವುದಿಲ್ಲ. ಜರ್ಮನಿಯ ಆಸ್ಪತ್ರೆಗೆ ಕಳಿಸುವ ಮೊದಲು ಇದರಲ್ಲಿ ಅರ್ಧದಷ್ಟು ತೆಗೆಯಬೇಕು, ಇಲ್ಲದ ಕೆಲವನ್ನು ಸೇರಿಸಬೇಕು.

ಅಲ್ಲಿ ಇದಕ್ಕೆ ‘ಲೇಬೆನ್ಸ್‌ಲೌಫ್’ ಎನ್ನುತ್ತಾರೆ. ಎ4 ಹಾಳೆಯಲ್ಲಿ ಒಂದು, ಹೆಚ್ಚೆಂದರೆ ಎರಡು ಪುಟ. ಎಡಗಡೆ ತಿಂಗಳು ಮತ್ತು ವರ್ಷ, ಬಲಗಡೆ ಕೆಲಸ ಅಥವಾ ಓದು, ಇತ್ತೀಚಿನದು ಮೊದಲು. ‘2020–2023’ ಎಂದಷ್ಟೇ ಬರೆದರೆ ಸಾಲದು, ‘08/2020 – 07/2023’ ಎಂದೇ ಬೇಕು. ಓದುವವರು ಆ ಎಡಗಡೆಯ ಸಾಲಿನ ಮೇಲೆ ಕಣ್ಣಾಡಿಸಿ, ಎಲ್ಲಿ ಖಾಲಿ ಬಿಟ್ಟಿದೆ ಎಂದು ಹುಡುಕುತ್ತಾರೆ. ಕೆಲವು ತಿಂಗಳ ಅಂತರಕ್ಕೂ ವಿವರಣೆ ನಿರೀಕ್ಷಿಸುತ್ತಾರೆ. ನಮ್ಮ ನರ್ಸ್ ಆ ಹತ್ತು ತಿಂಗಳನ್ನು ಮುಚ್ಚಿಡಲು ಹೋಗುವುದು ಸಹಜ, ಆದರೆ ಅದೇ ಅವರ ಬಲ. ‘ಪೂರ್ಣಾವಧಿ ಜರ್ಮನ್ ಕಲಿಕೆ, ಬಿ2 ಪ್ರಮಾಣಪತ್ರ’ ಎಂದು ಆ ತಿಂಗಳುಗಳ ಎದುರಿಗೇ ಬರೆದರೆ ಅಂತರ ಅಂತರವಾಗಿ ಉಳಿಯುವುದಿಲ್ಲ.

ಕೆಲಸದ ವಿವರದಲ್ಲಿ ‘ರೋಗಿಗಳ ಆರೈಕೆ’ ಎಂಬ ಸಾಲು ಏನನ್ನೂ ಹೇಳುವುದಿಲ್ಲ. ಐಸಿಯುನಲ್ಲಿ ಎಷ್ಟು ಹಾಸಿಗೆ, ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು, ವೆಂಟಿಲೇಟರ್ ನೋಡಿಕೊಂಡದ್ದುಂಟೇ, ಡಯಾಲಿಸಿಸ್ ಗೊತ್ತೇ, ಇವನ್ನು ಬರೆಯಬೇಕು. ಆದರೆ ಹುದ್ದೆಯ ಹೆಸರಿನಲ್ಲಿ ಎಚ್ಚರ ಬೇಕು. 2020ರಿಂದ ತರಬೇತಾದ ನರ್ಸ್‌ಗೆ ಅಲ್ಲಿರುವ ‘ಫ್ಲೇಗೆಫಾಖ್‌ಫ್ರೌ’ ಎಂಬ ಹೆಸರು ಕಾನೂನಿನ ರಕ್ಷಣೆಯುಳ್ಳದ್ದು. ಭಾರತದ ಪದವಿಗೆ ಆ ರಾಜ್ಯದ ಕಚೇರಿ ಮಾನ್ಯತೆ ಕೊಡುವವರೆಗೆ ಅದನ್ನು ತಮ್ಮ ಹೆಸರಿನ ಮುಂದೆ ಹಾಕಿಕೊಳ್ಳುವಂತಿಲ್ಲ. ‘ಬಿ.ಎಸ್ಸಿ. ನರ್ಸಿಂಗ್, ಭಾರತ, ಮಾನ್ಯತೆಗೆ ಅರ್ಜಿ ಸಲ್ಲಿಸಿದೆ’ ಎಂದು ಇದ್ದದ್ದನ್ನು ಇದ್ದಂತೆ ಬರೆಯುವುದೇ ಸರಿ. ಯಾವ ಕೊರತೆ ತುಂಬಬೇಕೆಂದು ಆ ಕಚೇರಿಯಿಂದ ಪತ್ರ ಬಂದಿದ್ದರೆ ಅದನ್ನೂ ಹೇಳಬೇಕು. ಆಸ್ಪತ್ರೆಯವರು ಮೊದಲು ಕೇಳುವುದೂ ಅದನ್ನೇ.

ಫೋಟೊದ ವಿಷಯದಲ್ಲಿ ಜರ್ಮನರದು ಎರಡು ಮನಸ್ಸು. ತಾರತಮ್ಯ ತಡೆಯುವ ಕಾನೂನು 2006ರಲ್ಲಿ ಬಂದ ಮೇಲೆ ಮಾಲೀಕರು ಫೋಟೊ ಬೇಕೆಂದು ಒತ್ತಾಯಿಸುವಂತಿಲ್ಲ, ಆದರೂ ಹಾಕುವ ಅಭ್ಯಾಸ ಇನ್ನೂ ಇದೆ. ಹಾಕುವುದಾದರೆ ವೀಸಾಕ್ಕೆ ತೆಗೆಸಿದ ಮುಖ ಬಿಗಿದ ಫೋಟೊ ಬೇಡ. ಸ್ಟುಡಿಯೊದಲ್ಲಿ ತೆಗೆಸಿದ, ಸರಳ ಉಡುಪಿನ, ಸಣ್ಣ ನಗುವಿನದು ಸಾಕು. ಹುಟ್ಟಿದ ದಿನ, ಊರು, ರಾಷ್ಟ್ರೀಯತೆ ಬರೆಯುವವರು ಅಲ್ಲಿ ಇನ್ನೂ ಹಲವರು. ಧರ್ಮ, ತಂದೆಯ ಹೆಸರು ಬೇಡ. ಪಾಸ್‌ಪೋರ್ಟ್ ನಂಬರ್ ಅಂತೂ ಬೇಡವೇ ಬೇಡ. ರೆಸ್ಯೂಮ್ ಎಷ್ಟು ಏಜೆಂಟರ ಕೈ ದಾಟುತ್ತದೋ ಯಾರಿಗೆ ಗೊತ್ತು! ನಮ್ಮ ಘೋಷಣೆಯ ಸಾಲನ್ನು ತೆಗೆದು, ಆ ಜಾಗದಲ್ಲಿ ಊರು, ದಿನಾಂಕ, ಸಹಿ ಹಾಕಬಹುದು. ಅದು ಅಲ್ಲಿಯ ಹಳೆಯ ರೂಢಿ.

ಇನ್ನೊಂದು ತೊಡಕು ನಮ್ಮ ಇನಿಷಿಯಲ್‌ಗಳದು. ಅಂಕಪಟ್ಟಿಯಲ್ಲಿ ‘ಕಾವ್ಯ ಎಚ್. ಆರ್.’, ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿಕೊಂಡು ‘ಕಾವ್ಯ ಹೊಳೆನರಸೀಪುರ ರಾಮೇಗೌಡ’. ಜರ್ಮನಿಯ ಗುಮಾಸ್ತರಿಗೆ ಇವರಿಬ್ಬರೂ ಬೇರೆಬೇರೆ ವ್ಯಕ್ತಿಗಳು. ರೆಸ್ಯೂಮ್‌ನಲ್ಲಿ ಪಾಸ್‌ಪೋರ್ಟಿನ ಹೆಸರೇ ಇರಲಿ. ಲಗತ್ತಿಸುವ ಪ್ರಮಾಣಪತ್ರಗಳಲ್ಲಿ ಹೆಸರು ಬೇರೆ ಇದ್ದರೆ ಅದನ್ನು ವಿವರಿಸುವ ಒಂದು ಸಾಲು ಜೊತೆಗಿರಲಿ. ಲಗತ್ತು ಅಲ್ಲಿ ಮುಖ್ಯ: ಪದವಿ, ಭಾಷಾ ಪ್ರಮಾಣಪತ್ರ, ಹಿಂದಿನ ಆಸ್ಪತ್ರೆಯ ಅನುಭವ ಪತ್ರ ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿ ಕಳಿಸುತ್ತಾರೆ. ನಮ್ಮಲ್ಲಿ ಕೊಡುವ ‘ಇವರು ಇಲ್ಲಿ ಕೆಲಸ ಮಾಡಿದ್ದರು’ ಎಂಬ ಎರಡು ಸಾಲಿನ ಪತ್ರ ಅವರಿಗೆ ಬಡವಾಗಿ ಕಾಣುತ್ತದೆ, ಏಕೆಂದರೆ ಅಲ್ಲಿ ಮಾಡಿದ ಕೆಲಸವನ್ನೂ ಅದರ ಗುಣಮಟ್ಟವನ್ನೂ ವಿವರಿಸುವ ಪತ್ರ ಪಡೆಯುವುದು ನೌಕರರ ಕಾನೂನುಬದ್ಧ ಹಕ್ಕು. ಕೆಲಸ ಬಿಡುವ ಮೊದಲೇ ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ತಿರ ವಾರ್ಡು, ಕರ್ತವ್ಯ, ಅವಧಿ ಬರೆಸಿಕೊಳ್ಳುವುದು ಲೇಸು.

ಇದೇ ಕಾವ್ಯ ನಾಳೆ ಬ್ರಿಟನ್ನಿಗೋ ಅಮೆರಿಕಕ್ಕೋ ಅರ್ಜಿ ಹಾಕಿದರೆ ಫೋಟೊ, ಹುಟ್ಟಿದ ದಿನ, ಸಹಿ ಎಲ್ಲ ಹೋಗಬೇಕು. ಅಮೆರಿಕದಲ್ಲಿ ಮುಖ, ವಯಸ್ಸು ನೋಡಿ ಆರಿಸಿದರೆಂಬ ಆರೋಪದ ಭಯಕ್ಕೆ ಫೋಟೊ ಇರುವ ರೆಸ್ಯೂಮ್ ಕಂಡರೇ ಮಾನವ ಸಂಪನ್ಮೂಲದವರು ಹಿಂಜರಿಯುತ್ತಾರೆ. ಬ್ರಿಟನ್ನಿನಲ್ಲಿ ಎರಡು ಪುಟ ರೂಢಿ, ಅಮೆರಿಕದಲ್ಲಿ ಕೆಲವೇ ವರ್ಷದ ಅನುಭವಕ್ಕೆ ಒಂದು ಪುಟ. ಅಮೆರಿಕದ್ದು ಎ4ಗಿಂತ ಗಿಡ್ಡ, ತುಸು ಅಗಲದ ‘ಲೆಟರ್’ ಹಾಳೆ. ದಿನಾಂಕವನ್ನು ಅಲ್ಲಿ ಅಂಕಿಯಲ್ಲಿ ಬರೆಯದಿರುವುದು ವಾಸಿ: ನಮ್ಮ 05/06 ಜೂನ್ ಐದು, ಅವರಿಗದು ಮೇ ಆರು.