ಮೊದಲು ಕೊಂಡ ಷೇರೇ ಮೊದಲು ಮಾರಾಟ: ಲಾಭದ ಲೆಕ್ಕ ಇಡುವುದು ಹೇಗೆ?

ಒಂದೇ ಕಂಪನಿಯ ಷೇರುಗಳನ್ನು ಬೇರೆ ಬೇರೆ ಬೆಲೆಗೆ ಹಲವು ಬಾರಿ ಕೊಂಡು, ನಡುವೆ ಅಷ್ಟಿಷ್ಟು ಮಾರಿದವರಿಗೆ ವರ್ಷಾಂತ್ಯದಲ್ಲಿ ಎದುರಾಗುವ ಪ್ರಶ್ನೆ ಒಂದೇ: ಮಾರಿದ್ದು ಯಾವ ಷೇರು? ಡಿಮ್ಯಾಟ್ ಖಾತೆಯಲ್ಲಿರುವ ಷೇರುಗಳಿಗೆ ಗುರುತಿನ ಸಂಖ್ಯೆಯಿಲ್ಲ. ಆದ್ದರಿಂದ ಖಾತೆಗೆ ಮೊದಲು ಬಂದದ್ದೇ ಮೊದಲು ಹೊರಹೋಯಿತೆಂದು ಭಾವಿಸಿ ಆದಾಯ ತೆರಿಗೆ ಲೆಕ್ಕ ಹಾಕಬೇಕು. ಕೇಂದ್ರ ನೇರ ತೆರಿಗೆಗಳ ಮಂಡಳಿ 1998ರ ಸುತ್ತೋಲೆಯಲ್ಲಿ ಈ ಕ್ರಮವು ಪ್ರತಿ ಖಾತೆಗೂ ಪ್ರತ್ಯೇಕವಾಗಿ ಅನ್ವಯಿಸುತ್ತದೆ ಎಂದು ತಿಳಿಸಿತ್ತು. ಎರಡು ಖಾತೆ ಇದ್ದವರಿಗೆ ಎರಡು ಹಾಳೆ ಬೇಕು.

ಒಂದು ಉದಾಹರಣೆ ನೋಡೋಣ. ಹೂಡಿಕೆದಾರರೊಬ್ಬರು 2023ರ ಜನವರಿಯಲ್ಲಿ 200 ರೂಪಾಯಿಯಂತೆ 100 ಷೇರು, 2024ರ ಆಗಸ್ಟ್‌ನಲ್ಲಿ 260ರಂತೆ 50, 2025ರ ಫೆಬ್ರುವರಿಯಲ್ಲಿ 240ರಂತೆ 100 ಷೇರು ಕೊಂಡರು. ಮಾರ್ಚ್‌ನಲ್ಲಿ 300ರಂತೆ 120 ಷೇರು ಮಾರಿದರು. ಮೊದಲ ಕಂತಿನ 100 ಷೇರು ಪೂರ್ತಿ ಮುಗಿದು 10,000 ರೂ. ಲಾಭ ಬಂತು. ಎರಡನೆಯ ಕಂತಿನಿಂದ 20 ಹೋಗಿ 800 ರೂ. ಸೇರಿತು. ಮೊದಲನೆಯದು 12 ತಿಂಗಳು ಮೀರಿದ್ದರಿಂದ ದೀರ್ಘಾವಧಿ ಲಾಭ, ಎರಡನೆಯದು ಅಲ್ಪಾವಧಿ ಲಾಭ. ಸರಾಸರಿ ಬೆಲೆ 228 ಎಂದು ಹಿಡಿದಿದ್ದರೆ ಲಾಭ 8,640 ರೂ. ಮಾತ್ರ ಕಾಣುತ್ತಿತ್ತು, ಅವಧಿಯ ವಿಂಗಡಣೆಗೂ ದಾರಿ ಇರುತ್ತಿರಲಿಲ್ಲ. ಬ್ರೋಕರ್‌ಗಳ ಪರದೆಯಲ್ಲಿ ಕಾಣುವ ಸರಾಸರಿ ಬೆಲೆಯನ್ನು ನಂಬಿದವರು ಎಡವುವುದು ಇಲ್ಲಿಯೇ.

ಅದೇ ಜೂನ್‌ನಲ್ಲಿ 280ರಂತೆ ಮತ್ತೆ 60 ಷೇರು ಮಾರಿದರು. ಎರಡನೆಯ ಕಂತಿನಲ್ಲಿ ಉಳಿದ 30ರಿಂದ 600 ರೂ., ಮೂರನೆಯದರ 30ರಿಂದ 1,200 ರೂ. ಲಾಭ, ಎರಡೂ ಅಲ್ಪಾವಧಿಯವೇ.

ಇದನ್ನು ಎಕ್ಸೆಲ್ ಹಾಳೆಯೇ ಹಂಚಿಕೊಡಬಲ್ಲದು. ಖರೀದಿಗಳನ್ನು ದಿನಾಂಕದ ಕ್ರಮದಲ್ಲಿ 4ನೇ ಸಾಲಿನಿಂದ ಕೆಳಕ್ಕೆ ಬರೆದು, D ಕಾಲಂನಲ್ಲಿ ಅಲ್ಲಿಯವರೆಗೆ ಕೊಂಡ ಒಟ್ಟು ಸಂಖ್ಯೆಯನ್ನು ಇಡಬೇಕು: 100, 150, 250. ಮಾರಾಟಗಳನ್ನು F ಕಾಲಂನಿಂದ ಬಲಕ್ಕೆ ಬರೆದು, 3ನೇ ಸಾಲಿನಲ್ಲಿ ಒಟ್ಟು ಮಾರಾಟವನ್ನು ಇಡಬೇಕು: 120, 180. D3 ಮತ್ತು E3 ಮನೆಗಳಲ್ಲಿ ಸೊನ್ನೆ ಇರಲಿ. ಬಳಿಕ F4ರಲ್ಲಿ ಈ ಸೂತ್ರ ಬರೆದು ಎಲ್ಲ ಮನೆಗಳಿಗೂ ನಕಲಿಸಿದರೆ ಸಾಕು:

```
=MAX(0,MIN($D4,F$3)-MAX($D3,E$3))
```

ಎರಡನೆಯ ಕಂತು 101ರಿಂದ 150ನೇ ಷೇರಿನವರೆಗೆ. ಎರಡನೆಯ ಮಾರಾಟ 121ರಿಂದ 180ರವರೆಗೆ. ಎರಡೂ ಒಂದರ ಮೇಲೊಂದು ಬೀಳುವ ಭಾಗ 30 ಷೇರು. ಸೂತ್ರ ಅಳೆಯುವುದು ಇಷ್ಟನ್ನೇ. ಪ್ರತಿ ಮನೆಯ ಸಂಖ್ಯೆಯನ್ನು ಮಾರಾಟ ಬೆಲೆ ಮತ್ತು ಖರೀದಿ ಬೆಲೆಗಳ ವ್ಯತ್ಯಾಸದಿಂದ ಗುಣಿಸಿದರೆ ಲಾಭ ದೊರೆಯುತ್ತದೆ.

ತಾಳೆ ನೋಡಲು, ಪ್ರತಿ ಮಾರಾಟದ ಕಾಲಂ ಕೂಡಿಸಿದಾಗ ಮಾರಿದ ಸಂಖ್ಯೆಯೇ ಬರಬೇಕು. ಕಡಿಮೆ ಬಂದರೆ ಯಾವುದೋ ಖರೀದಿ ಬಿಟ್ಟುಹೋಗಿದೆ ಎಂದರ್ಥ. ಆದರೆ ಸೂತ್ರ ದಿನಾಂಕವನ್ನು ನೋಡುವುದಿಲ್ಲ. ಹಳೆಯ ಖರೀದಿಯೊಂದು ಬಿಟ್ಟುಹೋಗಿದ್ದರೆ, ಮಾರಿದ ನಂತರ ಕೊಂಡ ಷೇರನ್ನೇ ಮಾರಿದಂತೆ ತೋರಿಸಿ ಮೊತ್ತವನ್ನು ಸರಿಹೊಂದಿಸಿಬಿಡುತ್ತದೆ. ಸಂಖ್ಯೆ ಬಿದ್ದ ಪ್ರತಿ ಮನೆಯಲ್ಲೂ ಖರೀದಿ ದಿನಾಂಕ ಮಾರಾಟಕ್ಕಿಂತ ಹಿಂದಿನದೇ ಎಂದು ನೋಡಿಕೊಳ್ಳಬೇಕು. ಬೋನಸ್ ಷೇರುಗಳನ್ನು ಸೊನ್ನೆ ಬೆಲೆಯ ಹೊಸ ಕಂತಾಗಿ, ಹಂಚಿಕೆಯಾದ ದಿನಾಂಕದೊಂದಿಗೆ ಸೇರಿಸಬೇಕು.