ಓಪನ್ ಆಫರ್ ಪತ್ರ ಬಂದರೆ ಮೊದಲು ಎಲ್ಲಿ ನೋಡಬೇಕು? ಮೈಂಡ್‌ಟ್ರೀ ಎಲ್ ಅಂಡ್ ಟಿ ಪಾಲಾದ ಲೆಕ್ಕ

ಚಿಕ್ಕಮಗಳೂರು: ಡಿಮ್ಯಾಟ್ ಖಾತೆಯಲ್ಲಿ ನಾಲ್ಕು ಷೇರು ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಬ್ರೋಕರ್‌ನಿಂದ ಮೆಸೇಜ್ ಬರುತ್ತದೆ: ‘ನಿಮ್ಮ ಕಂಪನಿಗೆ ಓಪನ್ ಆಫರ್ ಬಂದಿದೆ, ಷೇರು ಕೊಡ್ತೀರಾ?’ ಜೊತೆಗೆ ಐವತ್ತು–ಅರವತ್ತು ಪುಟದ ಇಂಗ್ಲಿಷ್ ಪತ್ರ. ಹೆಚ್ಚಿನವರು ರೇಟು ಮಾತ್ರ ನೋಡಿ ಮುಚ್ಚಿಬಿಡುತ್ತಾರೆ. ಆದರೆ ಕಂಪನಿ ಯಾರ ಕೈಗೆ ಹೋಗ್ತಿದೆ, ಎಷ್ಟು ಪಾಲು ಹೋಗ್ತಿದೆ ಅನ್ನೋದು ಅದೇ ಪತ್ರದ ಮೊದಲ ಕೆಲವು ಪುಟಗಳಲ್ಲೇ ಇರುತ್ತದೆ.

ಇದಕ್ಕೆ ನಮ್ಮ ಜಿಲ್ಲೆಗೆ ಹತ್ತಿರದ ಉದಾಹರಣೆಯೇ ಇದೆ. ಜಿಲ್ಲೆಯ ಕಾಫಿ ಬೆಳೆಗಾರ ಕುಟುಂಬದಿಂದ ಬಂದು ಕಾಫಿ ಡೇ ಕಟ್ಟಿದ ದಿವಂಗತ ವಿ.ಜಿ. ಸಿದ್ಧಾರ್ಥ, ಬೆಂಗಳೂರಿನ ಮೈಂಡ್‌ಟ್ರೀ ಎಂಬ ಐಟಿ ಕಂಪನಿಯಲ್ಲೂ ದೊಡ್ಡ ಷೇರುದಾರರಾಗಿದ್ದರು. 2019ರ ಮಾರ್ಚ್ 18ರಂದು ಆ ಪಾಲನ್ನು ಲಾರ್ಸೆನ್ ಅಂಡ್ ಟೂಬ್ರೊಗೆ, ಅಂದರೆ ಎಲ್ ಅಂಡ್ ಟಿಗೆ, ಮಾರುವ ಒಪ್ಪಂದವಾಯಿತು. ಅದೇ ದಿನ ಎಲ್ ಅಂಡ್ ಟಿ ಉಳಿದ ಷೇರುದಾರರಿಗೂ ಓಪನ್ ಆಫರ್ ಘೋಷಿಸಿತು.

ಪತ್ರದಲ್ಲಿ ಮೊದಲು ಹುಡುಕಬೇಕಾದ್ದು ‘ಟಾರ್ಗೆಟ್ ಕಂಪನಿ’ ಎಂಬ ಪದ. ಯಾವ ಕಂಪನಿಯ ಹಿಡಿತ ಕೈ ಬದಲಾಗ್ತಿದೆಯೋ ಅದೇ ಟಾರ್ಗೆಟ್. ಇಲ್ಲಿ ಅದು ಮೈಂಡ್‌ಟ್ರೀ. ಮಾರಿದವರು ಮೂವರು: ಸಿದ್ಧಾರ್ಥ, ಕಾಫಿ ಡೇ ಟ್ರೇಡಿಂಗ್, ಕಾಫಿ ಡೇ ಎಂಟರ್‌ಪ್ರೈಸಸ್. ಮಾರುವವರ ಜಾಗದಲ್ಲಿ ಕಾಫಿ ಡೇ ಹೆಸರು ಇದೆ ಅಂದ ಮಾತ್ರಕ್ಕೆ ಕಾಫಿ ಡೇ ಮಾರಾಟವಾಯಿತು, ತೋಟ ಹೋಯಿತು ಅಂತಲ್ಲ. ಅವರ ಹತ್ತಿರ ಇದ್ದ ಮೈಂಡ್‌ಟ್ರೀ ಷೇರು ಹೋಯಿತು, ಅಷ್ಟೇ.

ಎರಡನೆಯದು ‘ಅಕ್ವೈರರ್’, ಅಂದರೆ ಕೊಳ್ಳುವವರು. ಇದರ ಪಕ್ಕದಲ್ಲೇ ‘ಪರ್ಸನ್ಸ್ ಆ್ಯಕ್ಟಿಂಗ್ ಇನ್ ಕನ್ಸರ್ಟ್’ ಅಂತ ಇನ್ನೊಂದು ಸಾಲು ಇರಬಹುದು. ಕೊಳ್ಳುವವರ ಜೊತೆ ಕೈಜೋಡಿಸಿ ನಡೆಯುವವರು ಇವರು. ಕೆಲವೊಮ್ಮೆ ಕೊಳ್ಳುವ ಕಂಪನಿ ಮೊನ್ನೆ ಮೊನ್ನೆ ಹುಟ್ಟಿದ, ಯಾರೂ ಹೆಸರು ಕೇಳದ ಸಂಸ್ಥೆಯಾಗಿರುತ್ತದೆ. ಆಗ ಅದರ ಮಾಲೀಕರು ಯಾರು ಅನ್ನೋದನ್ನು ‘ಅಕ್ವೈರರ್ ಹಿನ್ನೆಲೆ’ ಭಾಗದಲ್ಲಿ ಹುಡುಕಬೇಕು. ಮೈಂಡ್‌ಟ್ರೀ ವಿಷಯದಲ್ಲಿ ಈ ಕಷ್ಟ ಇರಲಿಲ್ಲ, ಎಲ್ ಅಂಡ್ ಟಿ ಎಲ್ಲರಿಗೂ ಗೊತ್ತಿರುವ ಹೆಸರು.

ಇನ್ನು ಎಷ್ಟು ಪಾಲು ಅನ್ನೋ ಪ್ರಶ್ನೆ. ಎಡವುವುದು ಇಲ್ಲೇ. ಸೆಬಿಯ 2011ರ ಟೇಕೋವರ್ ನಿಯಮದ ಪ್ರಕಾರ ಒಬ್ಬರ ಪಾಲು ಶೇ.25 ಮುಟ್ಟಿದರೆ ಅಥವಾ ಕಂಪನಿಯ ಹಿಡಿತ ಸಿಕ್ಕರೆ ಓಪನ್ ಆಫರ್ ಕಡ್ಡಾಯ. ಸಿದ್ಧಾರ್ಥ ಕಡೆಯಿಂದ ಬಂದದ್ದು ಸುಮಾರು 3.33 ಕೋಟಿ ಷೇರು, ಅಂದರೆ ಶೇ.20.32. ಇದೊಂದೇ ಆದರೆ ಶೇ.25 ಆಗೋದಿಲ್ಲವಲ್ಲ? ಉತ್ತರ ಇರೋದು ‘ಅಂಡರ್‌ಲೈಯಿಂಗ್ ಟ್ರಾನ್ಸಾಕ್ಷನ್’ ಎಂಬ ಕೋಷ್ಟಕದಲ್ಲಿ. ಓಪನ್ ಆಫರ್‌ಗೆ ಕಾರಣವಾದ ವ್ಯವಹಾರ ಯಾವುದು ಅಂತ ಹೇಳುವ ಪಟ್ಟಿ ಅದು. ಸಿದ್ಧಾರ್ಥ ಜೊತೆಗಿನ ಒಪ್ಪಂದ ಅಲ್ಲದೆ, ಷೇರುಪೇಟೆಯಲ್ಲಿ ಇನ್ನೂ ಶೇ.15ರವರೆಗೆ ಕೊಳ್ಳಿ ಎಂದು ಎಲ್ ಅಂಡ್ ಟಿ ತನ್ನ ಬ್ರೋಕರ್‌ಗೆ ಆರ್ಡರ್ ಕೊಟ್ಟಿತ್ತು. ಎರಡೂ ಸೇರಿದರೆ ಶೇ.35.32. ಅದರ ಮೇಲೆ ಓಪನ್ ಆಫರ್‌ನಲ್ಲಿ ಶೇ.31. ಎಲ್ಲ ಕೂಡಿದರೆ ಶೇ.66.32, ಸುಮಾರು 10,700 ಕೋಟಿ ರೂಪಾಯಿಯ ವ್ಯವಹಾರ.

ಆದರೆ ಈ ಸಾಲುಗಳಲ್ಲಿರುವ ‘ಅಪ್ ಟು’ ಎಂಬ ಎರಡು ಚಿಕ್ಕ ಪದ ಬಿಡಬೇಡಿ. ‘ಐವತ್ತು ಮೂಟೆವರೆಗೂ ತಗೋತೀನಿ’ ಅಂತ ಕಾಫಿ ವ್ಯಾಪಾರಿ ಹೇಳಿದರೆ ಐವತ್ತು ಮೂಟೆ ತಗೊಂಡ ಅಂತಲ್ಲ. ಇಲ್ಲೂ ಹಾಗೇ ಆಯಿತು. ಪೇಟೆಯಲ್ಲಿ 980 ರೂಪಾಯಿ ಮೀರಿ ಕೊಡಬಾರದು ಅಂತ ಎಲ್ ಅಂಡ್ ಟಿ ಮಿತಿ ಹಾಕಿತ್ತು. ಕಾರಣವೂ ಇದೆ: ಆಫರ್ ನಡೆಯುವಾಗ ಕೊಳ್ಳುವವರು ಹೊರಗೆ ಹೆಚ್ಚು ಬೆಲೆ ಕೊಟ್ಟರೆ ಓಪನ್ ಆಫರ್ ಬೆಲೆಯನ್ನೂ ಅಷ್ಟಕ್ಕೆ ಏರಿಸಬೇಕು. ಹೀಗಾಗಿ ಪೇಟೆಯಲ್ಲಿ ಸಿಕ್ಕಿದ್ದು ಶೇ.15 ಅಲ್ಲ, ಶೇ.9ರೊಳಗೆ. ಓಪನ್ ಆಫರ್ ಭರ್ತಿಯಾಯಿತು. ಕೊನೆಗೆ ಎಲ್ ಅಂಡ್ ಟಿ ಕೈಯಲ್ಲಿ ಉಳಿದದ್ದು ಸುಮಾರು ಶೇ.60.

ಶೇಕಡಾವಾರು ಓದುವಾಗ ಇನ್ನೊಂದು ಗೊಂದಲ. ಓಪನ್ ಆಫರ್‌ನಲ್ಲಿ ಕೇಳಿದ್ದು 5,13,25,371 ಷೇರು, ಇದನ್ನೇ ಶೇ.31 ಅಂದರು. ತಿರುಗಿಸಿ ಲೆಕ್ಕ ಹಾಕಿದರೆ ಕಂಪನಿಯ ಒಟ್ಟು ಷೇರು 16.56 ಕೋಟಿ ಆಗಬೇಕು. ಆದರೆ ಸಿದ್ಧಾರ್ಥ ಕಡೆಯ 3.33 ಕೋಟಿ ಷೇರು ಶೇ.20.32 ಅನ್ನೋದರಿಂದ ಲೆಕ್ಕ ಹಾಕಿದರೆ ಒಟ್ಟು ಸುಮಾರು 16.4 ಕೋಟಿ ಬರುತ್ತದೆ. ತಪ್ಪಲ್ಲ. ಓಪನ್ ಆಫರ್‌ನ ಶೇಕಡಾವನ್ನು, ನೌಕರರಿಗೆ ಮುಂದೆ ಸಿಗಬಹುದಾದ ಷೇರುಗಳನ್ನೂ ಸೇರಿಸಿಕೊಂಡ ಒಟ್ಟು ಸಂಖ್ಯೆಯ ಮೇಲೆ ಹಾಕುತ್ತಾರೆ. ಅದಕ್ಕೇ ಎರಡು ಶೇಕಡಾ ಕೂಡಿಸುವ ಮೊದಲು ಎರಡಕ್ಕೂ ಒಟ್ಟು ಒಂದೇನಾ ಅಂತ ಪತ್ರದ ಅಡಿಟಿಪ್ಪಣಿ ನೋಡ್ಕೊಳ್ಳಿ.

ಬೆಲೆ ವಿಚಾರಕ್ಕೆ ಬಂದರೆ, ಸಿದ್ಧಾರ್ಥ ಅವರಿಗೆ ಕೊಟ್ಟದ್ದೂ 980, ಹತ್ತು ಷೇರು ಇಟ್ಟುಕೊಂಡವರಿಗೆ ಕೊಟ್ಟದ್ದೂ 980. ಇದು ಎಲ್ ಅಂಡ್ ಟಿಯ ಔದಾರ್ಯ ಅಲ್ಲ, ನಿಯಮ. ದೊಡ್ಡವರ ಜೊತೆ ಒಪ್ಪಂದದಲ್ಲಿ ಕೊಟ್ಟ ಬೆಲೆಗಿಂತ ಓಪನ್ ಆಫರ್ ಬೆಲೆ ಕಡಿಮೆ ಇರುವಂತಿಲ್ಲ. ಜೊತೆಗೆ ಹಿಂದಿನ 60 ವಹಿವಾಟು ದಿನಗಳ ಸರಾಸರಿ ಬೆಲೆಯನ್ನೂ ಹೋಲಿಸಿ, ಯಾವುದು ಹೆಚ್ಚೋ ಅದನ್ನು ಇಡಬೇಕು. ಪತ್ರದಲ್ಲಿ ಈ ಹೋಲಿಕೆಯ ಪಟ್ಟಿ ಇದ್ದೇ ಇರುತ್ತದೆ. ಆದರೆ ಪೇಟೆಯ ಬೆಲೆಗಿಂತ ಬಹಳ ಹೆಚ್ಚು ಸಿಗುತ್ತೆ ಅಂತೇನೂ ಇಲ್ಲ. ಮೈಂಡ್‌ಟ್ರೀಯಲ್ಲಿ ಘೋಷಣೆಗೆ ಮುಂಚಿನ ಪೇಟೆ ಬೆಲೆಗಿಂತ ಸಿಕ್ಕಿದ್ದು ಶೇ.2ರ ಆಸುಪಾಸು ಹೆಚ್ಚು.

ಷೇರು ಕೊಡಬೇಕಾದ ಅವಧಿ ಹತ್ತು ಕೆಲಸದ ದಿನ. ಮೈಂಡ್‌ಟ್ರೀಯಲ್ಲಿ ಮೇ ತಿಂಗಳಿಗೆ ಗೊತ್ತು ಮಾಡಿದ್ದು ಮುಂದೆ ಹೋಗಿ, ಕೊನೆಗೆ ಜೂನ್ 17ರಿಂದ 28ರವರೆಗೆ ನಡೆಯಿತು. ಹಾಗಾಗಿ ಮೊದಲ ಪ್ರಕಟಣೆಯ ದಿನಾಂಕ ನಂಬಿ ಕೂರದೆ ಕೊನೆಯ ‘ಲೆಟರ್ ಆಫ್ ಆಫರ್’ ಪತ್ರದಲ್ಲಿರೋ ದಿನಾಂಕವನ್ನೇ ಹಿಡಿಯಬೇಕು. ಒಮ್ಮೆ ಷೇರು ಒಪ್ಪಿಸಿದ ಮೇಲೆ ವಾಪಸ್ ತಗೊಳ್ಳೋಕೆ ಆಗೋದಿಲ್ಲ. ಆದ್ದರಿಂದ ಅವಸರ ಬೇಡ. ಕಂಪನಿಯ ಸ್ವತಂತ್ರ ನಿರ್ದೇಶಕರ ಸಮಿತಿ ಬೆಲೆ ಸರಿಯಿದೆಯೋ ಇಲ್ಲವೋ ಅಂತ ಅವಧಿ ಶುರುವಾಗುವ ಮುಂಚೆಯೇ ಪತ್ರಿಕೆಯಲ್ಲಿ ಪ್ರಕಟಿಸಬೇಕು, ಅದನ್ನೂ ಓದಿಕೊಂಡು ನಿರ್ಧಾರ ಮಾಡಬಹುದು. ಮೈಂಡ್‌ಟ್ರೀಯ ಸಂಸ್ಥಾಪಕರು ಈ ಸ್ವಾಧೀನವನ್ನು ಬಹಿರಂಗವಾಗಿ ವಿರೋಧಿಸಿದ್ದರೂ, ಅಲ್ಲಿನ ಸಮಿತಿ ಬೆಲೆ ನ್ಯಾಯಯುತ ಎಂದೇ ಹೇಳಿತ್ತು.

ಕೊಟ್ಟ ಷೇರೆಲ್ಲ ಅವರು ತಗೋತಾರೆ ಅಂತಲೂ ಇಲ್ಲ. ಕೇಳಿದ್ದು 5.13 ಕೋಟಿ, ಬಂದದ್ದು 6 ಕೋಟಿ ಅಂತ ಇಟ್ಟುಕೊಳ್ಳಿ. ಆಗ 100 ಷೇರು ಕೊಟ್ಟವರಿಂದ ಸುಮಾರು 85 ತಗೊಂಡು ಉಳಿದದ್ದನ್ನು ಖಾತೆಗೆ ವಾಪಸ್ ಹಾಕುತ್ತಾರೆ. ಆ ಹೊತ್ತಿಗೆ ಪೇಟೆಯ ಬೆಲೆ ಎಲ್ಲಿರುತ್ತದೋ ಅಲ್ಲಿ, ಉಳಿದ 15 ಷೇರಿನ ಲಾಭ–ನಷ್ಟ ನಿಮ್ಮದು.

ಈ ಪತ್ರಗಳೆಲ್ಲ sebi.gov.in ತಾಣದಲ್ಲಿ Filings ಒಳಗೆ Takeovers ವಿಭಾಗದಲ್ಲಿ ಉಚಿತವಾಗಿ ಸಿಗುತ್ತವೆ. ಬ್ರೋಕರ್ ಕಳಿಸಿದ ಮೆಸೇಜ್‌ನಲ್ಲಿರುವ ಬೆಲೆ, ದಿನಾಂಕವನ್ನು ಅಲ್ಲಿನ ಪತ್ರದ ಜೊತೆ ತಾಳೆ ನೋಡುವುದಕ್ಕೆ ಹತ್ತು ನಿಮಿಷ ಸಾಕು.